ರಾಜ್ಯೋತ್ಸವದ ಪೋಸ್ಟರ್‌ಗೆ ಹಳದಿ, ಕೆಂಪು ಉಡುಪು: ಮೂರನೇ ತರಗತಿಯ ಪೋಷಕರಿಗೆ

ಮೂರನೇ ತರಗತಿಯ ಎಲ್ಲ ಪೋಷಕರಿಗೆ ನಮಸ್ಕಾರಗಳು.

ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ ಶಾಲೆಯ ಮುಂಬಾಗಿಲಿಗೆ ಹಾಕುವ ಪೋಸ್ಟರ್‌ನಲ್ಲಿ ಈ ಸಲ ನಿಮ್ಮ 42 ಮಕ್ಕಳೇ ಕನ್ನಡ ಬಾವುಟವಾಗಿ ನಿಲ್ಲಲಿದ್ದಾರೆ. ದಸರಾ ರಜೆಗೆ ಮೊದಲೇ ಈ ಪತ್ರ ಬರೆಯುವುದಕ್ಕೆ ಕಾರಣವಿದೆ. ಹಬ್ಬದ ಬಟ್ಟೆ ತೆಗೆಯಲು ಅಂಗಡಿಗೆ ಹೋದಾಗ, ಹೇಗೂ ರಾಜ್ಯೋತ್ಸವಕ್ಕೂ ಆಗುತ್ತದಲ್ಲ ಎಂದು ಹಳದಿಯದೋ ಕೆಂಪಿನದೋ ಒಂದು ಜೊತೆ ಕೊಳ್ಳಬೇಕು ಎನಿಸುತ್ತದೆ. ದಯವಿಟ್ಟು ಅದಕ್ಕಾಗಿ ಏನನ್ನೂ ಕೊಳ್ಳಬೇಡಿ. ಪೋಸ್ಟರ್‌ಗೆ ಬೇಕಾದ ಬಟ್ಟೆಯನ್ನು ಶಾಲೆಯೇ ಕೊಡುತ್ತದೆ.

ಕಳೆದ ವರ್ಷ ಆದ ತಪ್ಪು ನನ್ನದು. ‘ಮಕ್ಕಳಿಗೆ ಹಳದಿ ಅಥವಾ ಕೆಂಪು ಉಡುಪು ಹಾಕಿ ಕಳುಹಿಸಿ’ ಎಂದಷ್ಟೇ ಡೈರಿಯಲ್ಲಿ ಬರೆಸಿದ್ದೆ. ಪೋಷಕರು ಅಕ್ಕರೆಯಿಂದಲೇ ಅಲಂಕರಿಸಿ ಕಳುಹಿಸಿದ್ದರು. ಆದರೆ ಸಾಲಾಗಿ ನಿಲ್ಲಿಸಿ ನೋಡಿದಾಗ ನಿಂಬೆಹಣ್ಣಿನ ಹಳದಿಯ ಪಕ್ಕದಲ್ಲಿ ಸಾಸಿವೆ ಬಣ್ಣ, ಅದರ ಪಕ್ಕದಲ್ಲಿ ಕಿತ್ತಳೆಗೆ ತಿರುಗಿದ ಹಳದಿ ಇತ್ತು. ಕೆಂಪಿನಲ್ಲಿ ಮೆರೂನ್, ಗುಲಾಬಿ, ಇಟ್ಟಿಗೆ ಬಣ್ಣ ಎಲ್ಲವೂ ಇದ್ದವು. ಫೋಟೊದಲ್ಲಿ ನಿಂಬೆ ಹಳದಿ ಬಿಸಿಲಿಗೆ ಬೆಳ್ಳಗಾಗಿ ಹೋಯಿತು, ಮೆರೂನ್ ನೆರಳಿನಲ್ಲಿ ಕಪ್ಪಾಗಿ ಕಂಡಿತು. ರೇಷ್ಮೆ ಲಂಗ ಉಟ್ಟ ಮಗುವಿನ ಜರಿ ಹೊಳೆದು, ನೋಡುವವರ ಕಣ್ಣೆಲ್ಲ ಅಲ್ಲಿಗೇ ಹೋಯಿತು. ಹಳದಿಯವರನ್ನೂ ಕೆಂಪಿನವರನ್ನೂ ಒಬ್ಬರು ಬಿಟ್ಟು ಒಬ್ಬರಂತೆ ನಿಲ್ಲಿಸಿದ್ದರಿಂದ ಗೇಟಿನ ಬಳಿಯಿಂದ ನೋಡಿದರೆ ಬಾವುಟವೇ ಕಾಣಲಿಲ್ಲ, ಬಗೆಬಗೆಯ ಕಿತ್ತಳೆ ಚುಕ್ಕೆಗಳು ಕಂಡವು. ಇದೆಲ್ಲಕ್ಕಿಂತ ನನಗೆ ನೋವಾಗಿದ್ದು ಬೇರೆ. ಮನೆಯಲ್ಲಿ ಎರಡೂ ಬಣ್ಣದ ಬಟ್ಟೆ ಇಲ್ಲದ ಒಬ್ಬ ಹುಡುಗ ಬಿಳಿ ಅಂಗಿಯಲ್ಲಿ ಬಂದಿದ್ದ. ತಾನಾಗಿಯೇ ಹಿಂದೆ ಸರಿದು, ಎತ್ತರದ ಹುಡುಗನ ಬೆನ್ನಿಗೆ ನಿಂತುಕೊಂಡ. ಪೋಸ್ಟರ್‌ನಲ್ಲಿ ಅವನ ಒಂದು ಕಿವಿ ಮಾತ್ರ ಇದೆ.

ಬಣ್ಣವನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸರಿಮಾಡಿಸಬಹುದಲ್ಲ ಎಂದು ಕೆಲವರು ಕೇಳಿದ್ದರು. ನಾವೂ ಹಾಗೆಯೇ ಅಂದುಕೊಂಡು ಮುದ್ರಣದವರ ಬಳಿ ಕುಳಿತೆವು. ಅವರು ಎಲ್ಲ ಹಳದಿಗಳನ್ನೂ ಒಂದೇ ಬಣ್ಣಕ್ಕೆ ತರಲು ಹೋದಾಗ ಮಕ್ಕಳ ಮುಖಗಳೂ ಹಳದಿಯಾದವು, ಕೆಂಪನ್ನು ಏರಿಸಿದಾಗ ಕೆನ್ನೆಗಳೆಲ್ಲ ಕೆಂಪೇರಿದವು. ನಮ್ಮ ಮೈಬಣ್ಣ ಕಪ್ಪಿರಲಿ, ಬಿಳುಪಿರಲಿ, ಅದರೊಳಗೆ ಇರುವುದು ಹಳದಿ ಮತ್ತು ಕೆಂಪಿನ ಬೆರಕೆಯೇ. ಹಾಗಾಗಿ ಇಡೀ ಚಿತ್ರದಲ್ಲಿ ಈ ಎರಡು ಬಣ್ಣಗಳನ್ನು ಮುಟ್ಟಿದರೆ ಮುಖವನ್ನೂ ಮುಟ್ಟಿದಂತೆ. ಒಬ್ಬೊಬ್ಬರ ಬಟ್ಟೆಯನ್ನೇ ಬೇರೆಯಾಗಿ ಗುರುತಿಸಿ ತಿದ್ದಬಹುದು, ಆದರೆ 42 ಮಕ್ಕಳಿಗೆ ಅದು ದಿನಗಟ್ಟಲೆ ಕೆಲಸ, ದುಬಾರಿಯೂ ಹೌದು. ಬಟ್ಟೆ ಮೊದಲೇ ಒಂದೇ ಬಣ್ಣದ್ದಾಗಿದ್ದರೆ ಈ ತಾಪತ್ರಯವೇ ಇಲ್ಲ.

ಅದಕ್ಕಾಗಿ ಈ ಸಲ ಸಾದಾ ಪಾಪ್ಲಿನ್ ಬಟ್ಟೆಯನ್ನು, ಹಳದಿಗೆ ಒಂದೇ ಥಾನಿನಿಂದ, ಕೆಂಪಿಗೆ ಒಂದೇ ಥಾನಿನಿಂದ ಕತ್ತರಿಸಿ ತರುತ್ತೇವೆ. ಒಂದೇ ಅಂಗಡಿ, ಒಂದೇ ಹೆಸರಿನ ಬಣ್ಣವಾದರೂ ಎರಡು ಸಲ ಬಣ್ಣಕ್ಕೆ ಹಾಕಿದ ಥಾನುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಬಿಡಿಯಾಗಿ ನೋಡಿದರೆ ತಿಳಿಯದು, ಅಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತದೆ. ಅಂಗಡಿಯ ದೀಪದ ಕೆಳಗೆ ಒಂದೇ ಎನಿಸಿದ ಎರಡು ತುಂಡುಗಳು ಹಗಲ ಬೆಳಕಿಗೆ ಬಂದಾಗ ಬೇರೆಯಾಗುವುದೂ ಉಂಟು. ಆದ್ದರಿಂದ ಬಟ್ಟೆಯನ್ನು ಅಂಗಡಿಯ ಹೊಸ್ತಿಲ ಬಳಿಗೆ ತಂದು ನೋಡಿಯೇ ಆರಿಸಿದ್ದೇವೆ.

ಬಾವುಟದ ಬಣ್ಣಗಳನ್ನು ಅರಿಸಿನ, ಕುಂಕುಮ ಎಂದು ಕರೆಯುತ್ತೇವೆ. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದ ಮೇಲೆ ಹಳದಿ, ಕೆಳಗೆ ಕೆಂಪು. ಆದರೆ ಅರಿಸಿನದ ಪುಡಿಯನ್ನೇ ಅಳತೆಗೋಲಾಗಿ ಹಿಡಿದರೆ ಬಟ್ಟೆ ಮಂಕಾಗುತ್ತದೆ. ಕುಂಕುಮವಾದರೂ ಒಂದು ಮನೆಯದು ಕಿತ್ತಳೆಗೆಂಪು, ಇನ್ನೊಂದು ಮನೆಯದು ಕಡುಗೆಂಪು. ನಾವು ಆರಿಸಿದ ಹಳದಿ ತುಂಬಿ ಅರಳಿದ ಹಳದಿ ಸೇವಂತಿಗೆಯದು, ಕೆಂಪು ದಾಸವಾಳದ್ದು. ಪತ್ರದ ಮೂಲೆಗೆ ಎರಡು ಬಣ್ಣದ ಚೂರುಗಳನ್ನು ಪಿನ್ ಮಾಡಿದ್ದೇವೆ. ಕಿಟಕಿಯ ಬೆಳಕಿನಲ್ಲಿ ನೋಡಿ. ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಒಂದೊಂದು ಮೊಬೈಲ್‌ನಲ್ಲಿ ಒಂದೊಂದು ಬಣ್ಣ ಕಾಣುತ್ತದೆ, ಮತ್ತೆ ಗೊಂದಲವಾಗುತ್ತದೆ.

ಹೊಲಿಗೆ ಬಹಳ ಸರಳ. ಬಟ್ಟೆಯ ಪನ್ನ 44 ಅಂಗುಲ. ಉದ್ದಕ್ಕೆ ಸೀಳಿದರೆ 22 ಅಂಗುಲ ಅಗಲದ ಎರಡು ಪಟ್ಟಿಗಳಾಗುತ್ತವೆ. ಒಂದು ಮಗುವಿಗೆ ಒಂದು ಪಟ್ಟಿಯಲ್ಲಿ ಒಂದು ಮೀಟರ್ ಸಾಕು. ನಡುವೆ ಕತ್ತು ತೂರುವಷ್ಟು ತೆರೆದು, ಅಂಚು ಮಡಿಸಿ, ಎರಡೂ ಬದಿಗೆ ಕಟ್ಟಲು ದಾರ ಕೊಟ್ಟರೆ ತೋಳಿಲ್ಲದ ಮೇಲಂಗಿ ಸಿದ್ಧ. 21 ಮಕ್ಕಳಿಗೆ ಹಳದಿ, 21 ಮಕ್ಕಳಿಗೆ ಕೆಂಪು, ಅಂದರೆ ಒಂದೊಂದು ಬಣ್ಣಕ್ಕೆ 11 ಮೀಟರ್ ಬಟ್ಟೆ. ಅಗಲವನ್ನು ಬೇಕೆಂದೇ ಹೆಚ್ಚಿಗೆ ಇಟ್ಟಿದ್ದೇವೆ. ಮೊದಲು ಶಲ್ಯ ಹೊದಿಸಿ ನೋಡಿದ್ದೆವು. ಕತ್ತಿನ ಬಳಿ, ತೋಳಿನ ಬಳಿ ಸಮವಸ್ತ್ರದ ಬಿಳಿ ಇಣುಕಿ ಇಡೀ ಸಾಲು ಹರಿದಂತೆ ಕಂಡಿತು. ಈ ಮೇಲಂಗಿ ಭುಜದಿಂದ ಇಳಿದು ಅರ್ಧ ತೋಳನ್ನು ಮುಚ್ಚುತ್ತದೆ. ಇಬ್ಬರು ಮಕ್ಕಳಿಗೆ ತೊಡಿಸಿ ಪರೀಕ್ಷಿಸಿದ್ದೇವೆ, ಬಿಳಿ ಕಾಣುವುದಿಲ್ಲ.

ಎತ್ತರದ 21 ಮಕ್ಕಳು ಹಿಂದಿನ ಎರಡು ಸಾಲುಗಳಲ್ಲಿ ಹಳದಿ ತೊಟ್ಟು ನಿಲ್ಲುತ್ತಾರೆ, ಉಳಿದ 21 ಮಕ್ಕಳು ಮುಂದಿನ ಎರಡು ಸಾಲುಗಳಲ್ಲಿ ಕೆಂಪು ತೊಟ್ಟು ಕುಳಿತುಕೊಳ್ಳುತ್ತಾರೆ. ಕಳೆದ ವರ್ಷದಂತೆ ಬಣ್ಣಗಳನ್ನು ಬೆರೆಸುವುದಿಲ್ಲ. ಯಾರಿಗೆ ಯಾವ ಬಣ್ಣ ಎಂಬುದು ಎತ್ತರದಿಂದ ಮಾತ್ರ ತೀರ್ಮಾನವಾಗುತ್ತದೆ. ‘ನನಗೆ ಕೆಂಪೇ ಬೇಕು’ ಎಂದು ಈಗಾಗಲೇ ಇಬ್ಬರು ಮುನಿಸಿಕೊಂಡಿದ್ದಾರೆ. ಮನೆಯಲ್ಲಿ ನೀವೂ ಒಂದು ಮಾತು ಹೇಳಿ.

ರಜೆ ಮುಗಿದು ಶಾಲೆ ತೆರೆಯುವ ವಾರದ ಗುರುವಾರ ಬೆಳಿಗ್ಗೆ 10 ಗಂಟೆಗೆ ಫೋಟೊ. ಬಿಸಿಲಿನಲ್ಲಿ ಅಲ್ಲ, ಕಟ್ಟಡದ ನೆರಳು ಬೀಳುವ ಕಡೆ, ತೆರೆದ ಆಕಾಶದ ಕೆಳಗೆ. ಅರ್ಧ ತರಗತಿಯನ್ನು ಬೆಳಿಗ್ಗೆ, ಉಳಿದವರನ್ನು ಸಂಜೆ ತೆಗೆದು ಜೋಡಿಸಲು ಆಗದು. ಸಂಜೆಯ ಬಿಸಿಲಿಗೆ ಹಳದಿಯೇ ಕಿತ್ತಳೆಯಾಗುತ್ತದೆ. ಆ ದಿನ ಮಗು ಬಾರದಂತಾದರೆ ಹಿಂದಿನ ದಿನವೇ ತಿಳಿಸಿ, ದಿನಾಂಕವನ್ನೇ ಮುಂದೆ ಹಾಕುತ್ತೇವೆ. ಫೋಟೊ ಬೇಡವೆನ್ನುವವರು ಡೈರಿಯಲ್ಲಿ ಬರೆದು ಕಳುಹಿಸಿ, ಕಾರಣ ಕೇಳುವುದಿಲ್ಲ.

ಆ ಗುರುವಾರ ಮಗು ಎಂದಿನ ಸಮವಸ್ತ್ರದಲ್ಲಿ, ಅರ್ಧ ತೋಳಿನ ಅಂಗಿಯಲ್ಲೇ ಬರಲಿ. ಜರಿಯ ಪೇಟ, ಹೊಳೆಯುವ ಹೇರ್‌ಬ್ಯಾಂಡ್ ಬೇಡ. ಮೇಲಂಗಿಯನ್ನು ರಾಜ್ಯೋತ್ಸವದ ದಿನ ಮನೆಗೆ ಕೊಟ್ಟು ಕಳುಹಿಸುತ್ತೇವೆ. ಕೆಂಪನ್ನು ಮೊದಲ ಸಲ ಬೇರೆಯಾಗಿಯೇ ನೆನೆಸಿ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿ ನೋಡಿದಾಗ ಅದು ಸ್ವಲ್ಪ ಬಣ್ಣ ಬಿಟ್ಟಿದೆ, ಹಳದಿ ಬಿಟ್ಟಿಲ್ಲ.

ಹೊಲಿಗೆ ಯಂತ್ರವಿರುವ ಇಬ್ಬರು ಮೂವರು ತಾಯಂದಿರು ಅಥವಾ ತಂದೆಯರು ಕೈಜೋಡಿಸಿದರೆ ರಜೆಯೊಳಗೇ 42 ಮೇಲಂಗಿಗಳೂ ಮುಗಿಯುತ್ತವೆ. ಕತ್ತರಿಸಿದ ತುಂಡುಗಳನ್ನು ನಾವೇ ಮನೆಗೆ ತಲುಪಿಸುತ್ತೇವೆ. ಹೊಲಿದುಕೊಡಬಲ್ಲವರು ಶುಕ್ರವಾರದೊಳಗೆ ತರಗತಿ ಶಿಕ್ಷಕಿಗೆ ಹೆಸರು ಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ