ಯುಗಾದಿಯೂ ಚೈತ್ರ 1ರೂ ಒಂದೇ ಅಲ್ಲ

ಸಂಪಾದಕರೇ,

ಕೊಪ್ಪಳದ ನಮ್ಮ ಬಡಾವಣೆಯ ಅಂಗಡಿಯೊಂದು ಹಂಚಿದ್ದ 2024ರ ಗೋಡೆ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 9ರ ಯುಗಾದಿಯ ಕೆಳಗೆ ‘ರಾಷ್ಟ್ರೀಯ ಚೈತ್ರ 1, ಶಕ 1946’ ಎಂದು ಅಚ್ಚಾಗಿತ್ತು. ಅಂದು ರಾಷ್ಟ್ರೀಯ ಪಂಚಾಂಗದಲ್ಲಿ ಚೈತ್ರ 20.

ಹಿಂದಿನ ವರ್ಷ ಯುಗಾದಿ ಮಾರ್ಚ್ 22ರಂದೇ ಬಂದು ಎರಡೂ ಕೂಡಿದ್ದವು. ಮುದ್ರಕರು ಅದನ್ನೇ ನಿಯಮವೆಂದುಕೊಂಡಿರಬೇಕು. ಹೆಸರು ಒಂದೇ ಆದ್ದರಿಂದ ತಪ್ಪುವುದು ಸಹಜ. ಯುಗಾದಿಯ ಚೈತ್ರ ಅಮಾವಾಸ್ಯೆಯ ಮರುದಿನ ಶುರುವಾಗುತ್ತದೆ, ಹಾಗಾಗಿ ವರ್ಷವರ್ಷವೂ ಸರಿದಾಡುತ್ತದೆ. 1957ರ ಮಾರ್ಚ್ 22ರಂದು ಸರ್ಕಾರ ಜಾರಿಗೆ ತಂದ ಪಂಚಾಂಗಕ್ಕೆ ಚಂದ್ರನ ಹಂಗಿಲ್ಲ. ಹಗಲು ರಾತ್ರಿ ಸಮನಾಗುವ ವಸಂತ ವಿಷುವದ ಮರುದಿನವನ್ನು ಅದು ಚೈತ್ರ 1 ಎಂದು ಹಿಡಿಯುತ್ತದೆ.

ಲೆಕ್ಕವೂ ಸುಲಭ. ಶಕ ವರ್ಷಕ್ಕೆ 78 ಕೂಡಿಸಿದರೆ ಬರುವ ಇಸವಿ ಅಧಿಕ ವರ್ಷವಾದರೆ ಚೈತ್ರ ಮಾರ್ಚ್ 21ಕ್ಕೆ ಆರಂಭವಾಗಿ 31 ದಿನ ಇರುತ್ತದೆ. ಇಲ್ಲವಾದರೆ 22ಕ್ಕೆ, 30 ದಿನ. 1946ಕ್ಕೆ 78 ಸೇರಿದರೆ 2024. ಮಾರ್ಚ್ 21ರಿಂದ ಎಣಿಸಿದರೆ ಏಪ್ರಿಲ್ 9 ಇಪ್ಪತ್ತನೆಯ ದಿನ. ಮುಂದಿನ ಐದು ತಿಂಗಳಿಗೆ 31, ಉಳಿದ ಆರಕ್ಕೆ 30 ದಿನ. ಬೇಸಿಗೆಯ ಆ ಅರ್ಧದಲ್ಲಿ ಭೂಮಿ ಸೂರ್ಯನಿಂದ ದೂರವಿದ್ದು ನಿಧಾನ ಚಲಿಸುತ್ತದೆ, ಅದಕ್ಕೇ ಈ ಹಂಚಿಕೆ.

ಕ್ಯಾಲೆಂಡರ್ ಅಚ್ಚು ಹಾಕಿಸುವವರು ‘ಚೈತ್ರ’ದ ಜೊತೆ ‘ರಾಷ್ಟ್ರೀಯ’ ಅಥವಾ ‘ಚಾಂದ್ರ’ ಎಂದು ಸೇರಿಸಿದರೆ ಸಾಕು.

– ನಿಮ್ಮ ಓದುಗ, ಕೊಪ್ಪಳ