ಜಪಾನ್ ಕ್ಲೈಂಟ್ "ಪರಿಶೀಲಿಸುತ್ತೇವೆ" ಅಂದರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಸಿಎಸ್‌ವಿ ಅಪ್‌ಲೋಡ್ ಅನ್ನು ಮೊದಲ ರಿಲೀಸ್‌ನಿಂದ ಬಿಡೋಣವಾ ಅಂತ ನೀನು ಕಾಲ್‌ನಲ್ಲಿ ಕೇಳಿದೆ, ಟೋಕಿಯೊದವರು "ಸ್ವಲ್ಪ ಕಷ್ಟ ಇದೆ, ಆದರೂ ನಮ್ಮಲ್ಲಿ ಪರಿಶೀಲಿಸುತ್ತೇವೆ" ಅಂದರು, ನಿಮ್ಮ ಹುಡುಗರು ಆಗಲೇ ಪ್ಲಾನ್ ಬದಲಾಯಿಸಿಬಿಟ್ಟಿದ್ದಾರೆ ಅಂತ ಬರೆದಿದ್ದೀಯ. ಇವತ್ತೇ ಹಳೇ ಪ್ಲಾನಿಗೆ ವಾಪಸ್ ಹೋಗು ಮಾರಾಯ. ಅವರು ಒಪ್ಪಿಲ್ಲ. ಹೆಚ್ಚುಕಮ್ಮಿ 'ಬೇಡ' ಅಂತಲೇ ಹೇಳಿದ್ದಾರೆ.

ಇದೇನು ನಮಗೆ ಹೊಸದಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದರೆ ಯಾರೂ ಛತ್ರ ಬುಕ್ ಮಾಡಲು ಓಡುವುದಿಲ್ಲ. ಅದೇ ಮಾತು ಹೆಡ್‌ಫೋನ್‌ನಲ್ಲಿ, ಇಂಗ್ಲಿಷ್‌ನಲ್ಲಿ ಬಂದರೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ನಂಬಿಬಿಡುತ್ತೇವೆ.

ಅವರ ಮ್ಯಾನೇಜರ್ ಜಾಗದಲ್ಲಿ ಕೂತು ನೋಡು. ಆ ಅಪ್‌ಲೋಡ್ ಬಳಸುವವರು ಅವರ ಗೋದಾಮಿನವರು. ಅವರನ್ನು ಕೇಳದೆ, ಮೇಲಿನವರ ಒಪ್ಪಿಗೆ ಇಲ್ಲದೆ ಆತ ಹ್ಞೂಂ ಅನ್ನುವ ಹಾಗಿಲ್ಲ. ಜಪಾನಿನ ಕಂಪನಿಗಳಲ್ಲಿ ಮೀಟಿಂಗ್‌ಗೆ ಮುಂಚೆಯೇ ಒಬ್ಬೊಬ್ಬರ ಹತ್ತಿರ ಹೋಗಿ ಮಾತಾಡಿ ಒಪ್ಪಿಸಿರುತ್ತಾರೆ. ಇದಕ್ಕೆ ನೆಮಾವಾಶಿ ಅಂತಾರೆ. ಮೀಟಿಂಗ್ ಅನ್ನೋದು ಆಗಿರುವ ತೀರ್ಮಾನವನ್ನು ಎಲ್ಲರೆದುರು ಹೇಳುವ ಜಾಗ ಅಷ್ಟೇ. ಅಂಥ ಕಡೆ ನೀನು ಹೊಸ ವಿಷಯ ಎತ್ತಿ "ಓಕೆನಾ?" ಅಂದರೆ ಆತ ಏನು ಮಾಡಬೇಕು? ಒಪ್ಪುವ ಅಧಿಕಾರ ಇಲ್ಲ. ತಂಡದ ಎದುರು ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನಲು ಮನಸ್ಸಿಲ್ಲ. ಉಳಿದದ್ದು ಆ ಒಂದು ಮಾತು.

ಒಮ್ಮೊಮ್ಮೆ ನಿಜವಾಗಿಯೂ ಪರಿಶೀಲಿಸುತ್ತಾರೆ. ಅದನ್ನು ಹೇಗೆ ಗೊತ್ತು ಮಾಡಿಕೊಳ್ಳೋದು ಅಂದರೆ, ಪ್ರಶ್ನೆಗಳು ಬರುತ್ತಿವೆಯಾ ನೋಡು. ಮನಸ್ಸಿದ್ದರೆ ನಿನ್ನ ಜೀವ ತಿನ್ನುತ್ತಾರೆ. ಅಪ್‌ಲೋಡ್ ಇಲ್ಲದಿದ್ದರೆ ದಿನಕ್ಕೆ ಎಷ್ಟು ಸಾಲು ಕೈಯಲ್ಲಿ ಹಾಕಬೇಕು, ಮುಂದೆ ಯಾವಾಗ ಕೊಡುತ್ತೀರಿ, ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಕೊಡುತ್ತೀರಾ ಅಂತ ಕೇಳುತ್ತಾರೆ. ಯಾವ ವಿಭಾಗ ನೋಡುತ್ತದೆ, ಯಾವತ್ತಿಗೆ ಉತ್ತರ ಅನ್ನುವುದೂ ಬರುತ್ತದೆ. ಪ್ರಶ್ನೆ ಇಲ್ಲ, ತಾರೀಕಿಲ್ಲ, ಬರೀ ವಿನಯ ಇದೆ ಅಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಅಂದುಕೋ. ನೀನೇ ಮೆತ್ತಗೆ ಕೇಳಬಹುದು: "ನಿಮ್ಮಲ್ಲಿ ಚರ್ಚೆಗೆ ನಮ್ಮಿಂದ ಯಾವ ಮಾಹಿತಿ ಬೇಕು?" ಇದಕ್ಕೆ "ಸದ್ಯಕ್ಕೆ ಏನೂ ಬೇಡ" ಅಂತ ಬಂದರೆ ನಿನಗೆ ಉತ್ತರ ಸಿಕ್ಕಿತು.

ಒಂದು ವಿಚಿತ್ರ ಗಮನಿಸಿದ್ದೀಯಾ? ಕಾಲ್‌ನಲ್ಲಿ ಇಷ್ಟು ಸುತ್ತಿ ಬಳಸಿ ಮಾತಾಡುವ ಮನುಷ್ಯ ಬಗ್ ಟಿಕೆಟ್‌ನಲ್ಲಿ "ಸ್ಪೆಸಿಫಿಕೇಶನ್ ಪ್ರಕಾರ ಇಲ್ಲ, ಸರಿಪಡಿಸಿ" ಅಂತ ಒಂದೇ ಸಾಲಲ್ಲಿ ಬರೆದಿರುತ್ತಾನೆ. ಅಲ್ಲಿ ಎದುರಿಗೆ ಮನುಷ್ಯ ಇಲ್ಲ, ಕಾಲಂ ಇದೆ. ಹಾಗಾಗಿ ತೀರ್ಮಾನದ ಪ್ರಶ್ನೆಯನ್ನೂ ಆ ಕಾಲಂಗೇ ಸಾಗಿಸು. ನಿಮ್ಮಲ್ಲಿ ಪ್ರಶ್ನೋತ್ತರದ ಎಕ್ಸೆಲ್ ಶೀಟ್ ಇದ್ದೇ ಇರುತ್ತೆ ಅಲ್ವಾ? ಅದರಲ್ಲಿ ಹಾಕಿ, ಒಂದು ಮೇಲ್ ಬರಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಅಪ್‌ಲೋಡ್ ಬಗ್ಗೆ ಎರಡು ದಾರಿ ಇವೆ. ಎ: ಅಪ್‌ಲೋಡ್ ಸೇರಿಸಿ ರಿಲೀಸ್, ತಾರೀಕು ಒಂದು ವಾರ ಮುಂದಕ್ಕೆ. ಬಿ: ತಾರೀಕು ಅದೇ, ಅಪ್‌ಲೋಡ್ ಎರಡು ವಾರದ ನಂತರ, ಅಲ್ಲಿಯವರೆಗೆ ಸ್ಕ್ರೀನಿನಲ್ಲಿ ಒಂದೊಂದೇ ಸಾಲು ಹಾಕಬೇಕು. ಗೋದಾಮಿನ ಕೆಲಸಕ್ಕೆ ಯಾವುದು ಕಡಿಮೆ ತೊಂದರೆ ಅಂತ ಶುಕ್ರವಾರದೊಳಗೆ ತಿಳಿಸಿ. ಉತ್ತರ ಬರುವವರೆಗೆ ಈಗಿನ ಪ್ಲಾನಿನ ಪ್ರಕಾರವೇ ಕೆಲಸ ಮಾಡುತ್ತಿರುತ್ತೇವೆ."

ಇದರಲ್ಲಿ ಅವರು ಎಲ್ಲಿಯೂ 'ಬೇಡ' ಅನ್ನಬೇಕಾಗಿಲ್ಲ, ಎ ಅಥವಾ ಬಿ ಅಂದರೆ ಸಾಕು. ಆ ಮೇಲನ್ನೇ ಗೋದಾಮಿನವರಿಗೆ ಕಳಿಸಬಹುದು. ಕೊನೆಯ ಸಾಲು ಮಾತ್ರ ಮರೆಯಬೇಡ. "ಶುಕ್ರವಾರದೊಳಗೆ ಉತ್ತರ ಬರದಿದ್ದರೆ ಒಪ್ಪಿದ್ದೀರಿ ಅಂದುಕೊಳ್ಳುತ್ತೇವೆ" ಅಂತ ಬರೆಯುವ ಚಾಳಿ ನಮ್ಮವರಿಗೆ ಜಾಸ್ತಿ. ಒಪ್ಪಿಗೆ ಇಲ್ಲದೆ ಸುಮ್ಮನಿರುವವರ ಜೊತೆ ಅದು ಜಗಳಕ್ಕೆ ದಾರಿ. ಅವರು ಸುಮ್ಮನಿದ್ದರೆ ಏನೂ ಬದಲಾಗಬಾರದು. ಮೇಲ್ ಕಳಿಸುವ ಮುಂಚೆ ಎರಡೂ ಕಡೆಯ ಭಾಷೆ ಬಲ್ಲ ಬ್ರಿಡ್ಜ್ ಎಂಜಿನಿಯರ್ ಇದ್ದರೆ ಆತನಿಗೆ ತೋರಿಸು. ಕಾಲ್‌ನಲ್ಲಿ ಯಾರೂ ಹೇಳದ ಮಾತು ಆತನಿಗೆ ಗೊತ್ತಿರುತ್ತೆ.

ಮೇಲ್‌ನಲ್ಲಿ ಇನ್ನೊಂದು ಗುರುತು ಇದೆ. "ಖಚಿತಪಡಿಸಿಕೊಳ್ಳಲು ಕೇಳುತ್ತಿದ್ದೇವೆ ಅಷ್ಟೇ, ರಿಪೋರ್ಟಿನ ತಾರೀಕು ಜಪಾನ್ ಸಮಯದ ಪ್ರಕಾರ ಇದೆ ಅಲ್ಲವೇ?" ಇಂಥ ಮೇಲ್ ಬಂದರೆ, ಅದರಲ್ಲೂ ಸಿಸಿಯಲ್ಲಿ ಯಾರೋ ಹೊಸ ದೊಡ್ಡವರ ಹೆಸರು ಕಂಡರೆ, ಅವರಿಗೆ ತಪ್ಪು ಆಗಲೇ ಕಂಡಿದೆ ಅಂತ ತಿಳಿದೇ ಶುರು ಮಾಡು. "ಹೌದು, ಚೆಕ್ ಮಾಡಿದ್ದೇವೆ" ಅಂತ ಕಳಿಸಿ ಕೂರಬೇಡ. ಡೇಟಾ ತೆಗೆದು ನೋಡು. ಜಪಾನ್ ಸಮಯ ಯುಟಿಸಿಗಿಂತ 9 ಗಂಟೆ ಮುಂದೆ. ರಿಪೋರ್ಟು ಯುಟಿಸಿ ತಾರೀಕು ತೆಗೆದುಕೊಳ್ಳುತ್ತಿದ್ದರೆ ಅಲ್ಲಿ ಬೆಳಗ್ಗೆ 9ರ ಒಳಗೆ ಆದ ಎಂಟ್ರಿಗಳೆಲ್ಲ ಹಿಂದಿನ ದಿನಕ್ಕೆ ಹೋಗುತ್ತವೆ. 3ನೇ ತಾರೀಕು ಬೆಳಗ್ಗೆ 8:15ಕ್ಕೆ ಹೊರಟ ಸರಕು ರಿಪೋರ್ಟಿನಲ್ಲಿ 2ನೇ ತಾರೀಕಿನಲ್ಲಿ ಕೂತಿರುತ್ತದೆ. ಅವರು ಕೇಳಿದ್ದು ಅದನ್ನೇ. ಆ ಒಂದು ಸಾಲನ್ನೇ ಉದಾಹರಣೆಯಾಗಿ ಇಟ್ಟು, ಏನಾಗಿದೆ, ಯಾವ ದಿನದಿಂದ ಆಗಿದೆ, ಯಾವಾಗ ಸರಿಯಾಗುತ್ತದೆ ಅಂತ ಬರಿ.

ಕಾಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಡುನಡುವೆ ಜಪಾನಿ ಭಾಷೆಯಲ್ಲಿ ಬರುವ "ಹಾಯ್, ಹಾಯ್" ನಮ್ಮ 'ಹ್ಞಾಂ, ಹೇಳಿ' ಇದ್ದ ಹಾಗೆ, ಅದನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯಬೇಡ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ನಮ್ಮ ಹುಡುಗರಿಗೆ ಆ ಮೌನ ತಡೆಯೋಕಾಗಲ್ಲ, ಯಾರಾದರೊಬ್ಬರು "ಬೇಕಾದರೆ ಗುರುವಾರವೇ ಕೊಡ್ತೀವಿ" ಅಂತ ಬಾಯಿ ಹಾಕಿಬಿಡುತ್ತಾರೆ. ಅದು ಅಲ್ಲಿ ಬರವಣಿಗೆಗೆ ಇಳಿಯುತ್ತೆ. ಇಂಗ್ಲಿಷ್ ಕೇಳುವುದಕ್ಕಿಂತ ಓದುವುದು ಸಲೀಸಾಗಿರುವವರು ಅಲ್ಲಿ ಬಹಳ. ಅದಕ್ಕೇ ಮಾತಾಡುತ್ತಲೇ ಸ್ಕ್ರೀನ್ ಶೇರ್ ಮಾಡಿ ಟೈಪ್ ಮಾಡು: ಏನು ತೀರ್ಮಾನ ಆಯಿತು, ಏನು ಬಾಕಿ, ಯಾರು, ಯಾವಾಗ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಸಂಜೆಯೊಳಗೆ ಅದನ್ನೇ ಮೇಲ್ ಮಾಡು.

ಇನ್ನು ನಮ್ಮ ಬಾಯಿ. "ಆಲ್ಮೋಸ್ಟ್ ಆಯ್ತು", "ಟ್ರೈ ಮಾಡ್ತೀವಿ" ಅನ್ನುವುದು ನಮ್ಮಲ್ಲಿ ಕಷ್ಟ ಇದೆ ಅನ್ನುವ ಸೂಚನೆ. ಅವರಿಗೆ ಅದು ತಾರೀಕಿನ ಭರವಸೆಯಾಗಿ ಕೇಳಿಸುತ್ತದೆ. ಸುತ್ತಿ ಬಳಸಿ ಮಾತಾಡುವವರು ಅವರೊಬ್ಬರೇ ಅಲ್ಲ ಬಿಡು. "12 ಸ್ಕ್ರೀನ್‌ಗಳಲ್ಲಿ 9ರ ಟೆಸ್ಟಿಂಗ್ ಮುಗಿದಿದೆ, ಉಳಿದ 3 ಗುರುವಾರ ಜಪಾನ್ ಸಮಯ ಸಂಜೆ 5ಕ್ಕೆ" ಅಂತ ಹೇಳಿಸು. ಅಂದರೆ ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ಊಟದ ಹೊತ್ತು ಅಂತ ನೆನಪಿರಲಿ. ತಡವಾಗಬಹುದು ಅನ್ನುವ ಅನುಮಾನ ಬಂದ ದಿನವೇ ತಿಳಿಸಿಬಿಡಿ. ಕೊನೆಯ ದಿನ ಗೊತ್ತಾದರೆ ತಡವಾಗಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ.

ಹಾಂ, ನಿನ್ನ ರಿಲೀಸ್ ಆಗಸ್ಟ್ ಕೊನೆಗೆ ಅಲ್ವಾ? ಆಗಸ್ಟ್ ಮಧ್ಯದಲ್ಲಿ ಅವರಿಗೆ ಓಬೊನ್ ರಜೆ. ಸುಮಾರು 13ರಿಂದ 16ರವರೆಗೆ ಎಷ್ಟೋ ಕಂಪನಿಗಳಲ್ಲಿ ಯಾರೂ ಸಿಗುವುದಿಲ್ಲ. ಆ ಎ-ಬಿ ಮೇಲ್ ಅದಕ್ಕಿಂತ ಸಾಕಷ್ಟು ಮುಂಚೆ ಹೋಗಲಿ, ಗೋದಾಮಿನವರನ್ನು ಕೇಳಲು ಅವರಿಗೂ ದಿನ ಬೇಕು. ಡ್ರಾಫ್ಟ್ ಮಾಡಿ, ಹೆಸರುಗಳನ್ನೆಲ್ಲ ತೆಗೆದು ನನಗೊಂದು ಸಲ ಕಳಿಸು. ರಾತ್ರಿ ಫೋನ್ ಮಾಡುತ್ತೇನೆ.

ನಿನ್ನ ಗೆಳೆಯ