ಕಂಡದ್ದನ್ನು ಗೆಳತಿಗೆ ಹೇಳಬೇಕಾ?

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಗೆಳತಿಯ ಗಂಡನ ವಿಷಯ ಗೊತ್ತಾದಾಗಿನಿಂದ ಅವಳ ಮುಖ ನೋಡಿ ಮಾತಾಡಲು ಆಗುತ್ತಿಲ್ಲ ಅಂತ ಬರೆದಿದ್ದೀಯ. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ನನ್ನನ್ನು ಕೇಳಿದರೆ, ಹೇಳು. ಆದರೆ ಬಾಯಿ ಬಿಡುವ ಮುಂಚೆ ನಿನ್ನ ಕೈಯಲ್ಲಿ ನಿಜವಾಗಿ ಇರುವುದೇನು ಅಂತ ಬಿಡಿಸಿ ನೋಡಿಕೋ.

ಮಂಗಳವಾರ ರಾತ್ರಿ ಸಿನಿಮಾ ಥಿಯೇಟರಿನಲ್ಲಿ ಅವನು ಎರಡು ಸಾಲು ಮುಂದೆ ಕೂತಿದ್ದ, ಪಕ್ಕದವಳ ಹೆಗಲ ಮೇಲೆ ಕೈ ಹಾಕಿದ್ದ. ಇದು ನೀನು ಕಂಡದ್ದು. ಅದೇ ರಾತ್ರಿ ಗೆಳತಿ ಫೋನಿನಲ್ಲಿ "ಇವರು ಆಫೀಸ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾರೆ, ನಾಳೆ ಬರ್ತಾರೆ" ಅಂದಳು. ಇದು ನೀನು ಕೇಳಿದ್ದು. ಅವನ ಆಫೀಸಿನವರು "ಇದು ತುಂಬಾ ದಿನದಿಂದ ನಡೀತಿದೆ" ಅಂದದ್ದು ಮಾತ್ರ ಗಾಳಿಮಾತು. ಅದನ್ನು ಬಿಟ್ಟುಬಿಡು. ಅದೊಂದೇ ಇದ್ದಿದ್ದರೆ ಸುಮ್ಮನಿರು ಅಂತಲೇ ಹೇಳುತ್ತಿದ್ದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ಹೆಗಲ ಮೇಲಿನ ಕೈ ಒಂದರಿಂದಲೇ ಏನೂ ಸಾಬೀತಾಗುವುದಿಲ್ಲ, ಅವಳು ತಂಗಿಯೋ ಹಳೇ ಸ್ನೇಹಿತೆಯೋ ಇರಬಹುದು. ಅದಕ್ಕೆ ತೂಕ ಬಂದದ್ದು ಊರಲ್ಲಿಲ್ಲ ಅಂತ ಅವನು ಹೇಳಿದ ಸುಳ್ಳಿನಿಂದ. ಹಾಗಿದ್ದರೂ ನಿನಗೆ ಗೊತ್ತಿರುವುದು ಆ ಒಂದು ರಾತ್ರಿಯ ಸುಳ್ಳು ಮಾತ್ರ. ಅವನಿಗೆ ಬೇರೆ ಸಂಬಂಧ ಇದೆ ಅನ್ನುವುದು ನಿನ್ನ ಊಹೆ. ಊಹೆಯನ್ನು ಸುದ್ದಿಯಂತೆ ಹೇಳಬೇಡ. ಇನ್ನಷ್ಟು ಸಾಕ್ಷಿ ಬೇಕು ಅಂತ ಅವನ ಹಿಂದೆ ಬೀಳುವುದೂ ಬೇಡ.

ಇಷ್ಟು ಅನುಮಾನ ಇಟ್ಟುಕೊಂಡೂ ಹೇಳು ಅಂತ ಯಾಕೆ ಅನ್ನುತ್ತೇನೆ ಗೊತ್ತಾ? ಅವರು ಮಗುವಿಗೆ ಪ್ರಯತ್ನಿಸುತ್ತಿದ್ದಾರೆ ಅಂತ ನೀನೇ ಬರೆದಿದ್ದೀಯ. ಇದು ಬರೀ ಮನಸ್ಸು ಮುರಿಯುವ ವಿಷಯ ಅಲ್ಲ, ಅವಳ ಮೈಗೂ ಸಂಬಂಧಿಸಿದ್ದು. ಅವನಿಗೆ ಬೇರೆ ಸಂಬಂಧ ಇದ್ದು, ಕ್ಲಮೈಡಿಯಾದಂಥ ಲೈಂಗಿಕ ಸೋಂಕು ಅವನಿಂದ ತಗುಲಿದರೆ ಎಷ್ಟೋ ಹೆಂಗಸರಿಗೆ ನೋವು, ಉರಿ ಏನೂ ಕಾಣುವುದಿಲ್ಲ. ಹಾಗೇ ಬಿಟ್ಟರೆ ಗರ್ಭನಾಳ ಕೆಡಬಹುದು, ಆಮೇಲೆ ಬಸಿರಾಗುವುದೇ ಕಷ್ಟವಾಗಬಹುದು. ಸಮಯಕ್ಕೆ ಗೊತ್ತಾದರೆ ಆಂಟಿಬಯಾಟಿಕ್ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಸಿಫಿಲಿಸ್ ಆದರೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗಬಹುದು. ಎಚ್‌ಐವಿ ಮೊದಲ ಕೆಲವು ವಾರ ರಕ್ತಪರೀಕ್ಷೆಯಲ್ಲಿ ಕಾಣದೇ ಇರಬಹುದು, ಅದಕ್ಕೇ ಒಮ್ಮೆ ನೆಗೆಟಿವ್ ಬಂದರೂ ಮತ್ತೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರನ್ನು ಕೇಳಬೇಕು. ವಿಷಯವೇ ಗೊತ್ತಿಲ್ಲದವಳು ಯಾವ ಪರೀಕ್ಷೆ ಮಾಡಿಸಿಕೊಂಡಾಳು?

ಮೊದಲು ಅವನನ್ನೇ ವಿಚಾರಿಸು ಅಂತ ಕೆಲವರು ಹೇಳಬಹುದು. ನನಗದು ಸರಿ ಕಾಣುವುದಿಲ್ಲ. ಅವನು ಆ ದಿನವೇ ಮೆಸೇಜು ಅಳಿಸುತ್ತಾನೆ, ಮನೆಗೆ ಹೋಗಿ "ನಿನ್ನ ಫ್ರೆಂಡ್ ನಮ್ಮಿಬ್ಬರ ಮಧ್ಯೆ ತಂದಿಡ್ತಿದ್ದಾಳೆ" ಅನ್ನುತ್ತಾನೆ. ಆಮೇಲೆ ನೀನು ಏನೇ ಹೇಳಿದರೂ ಚಾಡಿಯ ಹಾಗೆ ಕೇಳಿಸುತ್ತದೆ. ಒಂದು ಮಾತ್ರ ಮರೆಯಬೇಡ. ಅವನು ಕೈ ಎತ್ತುವವನು ಅನ್ನುವ ಸಣ್ಣ ಸುಳಿವಿದ್ದರೂ, ಅವಳು ಆ ರಾತ್ರಿ ಎಲ್ಲಿ ಉಳಿಯಬಹುದು ಅನ್ನುವ ವ್ಯವಸ್ಥೆ ಮೊದಲು ಆಗಬೇಕು.

ಮೆಸೇಜಿನಲ್ಲಿ ಹೇಳಲೇಬೇಡ. ಅವಳ ಫೋನು ಮೇಜಿನ ಮೇಲೆ ಬಿದ್ದಿರುತ್ತದೆ, ಪರದೆಯಲ್ಲಿ ಮೊದಲ ಸಾಲು ಅವನಿಗೇ ಕಾಣಬಹುದು. ಅವಳಿಗೆ ರಜೆ ಇರುವ ದಿನ, ನಿನ್ನ ಮನೆಗೇ ಕರೆ. ಸುತ್ತಿ ಬಳಸಬೇಡ. "ಮಂಗಳವಾರ ರಾತ್ರಿ ನಿನ್ನ ಗಂಡನನ್ನ ಥಿಯೇಟರಿನಲ್ಲಿ ನೋಡಿದೆ. ಒಬ್ಬಳು ಜೊತೆಗಿದ್ದಳು, ಅವಳ ಹೆಗಲ ಮೇಲೆ ಕೈ ಹಾಕಿದ್ದ. ಊರಲ್ಲಿಲ್ಲ ಅಂತ ನೀನು ಅಂದಿದ್ದಕ್ಕೆ ಹೇಳ್ತಿದ್ದೀನಿ. ಅವಳು ಯಾರು ಅಂತ ನನಗೆ ಗೊತ್ತಿಲ್ಲ." ಇಷ್ಟು ಹೇಳಿ ನಿಲ್ಲಿಸು. ಅವನು ಎಂಥವನು ಅಂತ ತೀರ್ಪು ಕೊಡಬೇಡ. ನಾಳೆ ಅವರಿಬ್ಬರೂ ಒಂದಾದರೆ, ನೀನು ಅವನಿಗೆ ಬೈದದ್ದು ಮಾತ್ರ ಅವಳಿಗೆ ನೆನಪಿರುತ್ತದೆ.

ಅವಳು ನಿನ್ನ ಮೇಲೇ ಸಿಟ್ಟಾಗಬಹುದು. ನಂಗೆ ಗೊತ್ತು ಬಿಡು ಅನ್ನಲೂಬಹುದು, ಕೆಲವು ಹೆಂಗಸರು ಎಲ್ಲ ಗೊತ್ತಿದ್ದೂ ಹೊಟ್ಟೆಯಲ್ಲಿ ಹಾಕಿಕೊಂಡಿರುತ್ತಾರೆ. ಎರಡರಲ್ಲಿ ಏನಾದರೂ ವಾದಕ್ಕೆ ಇಳಿಯಬೇಡ. ಆಮೇಲೆ ಏನಾಯ್ತು, ಕೇಳಿದೆಯಾ ಅಂತ ದಿನಾ ಬೆನ್ನು ಬೀಳಬೇಡ. ನಿಮ್ಮ ಬೇರೆ ಗೆಳತಿಯರ ಕಿವಿಗಂತೂ ಇದು ಬೀಳಬಾರದು. ತನ್ನ ಮನೆಯ ಮಾತನ್ನು ತಾನೇ ಕೊನೆಯಲ್ಲಿ ತಿಳಿಯುವಂತಾದರೆ ಅವಳಿಗೆ ಆಗುವ ಅವಮಾನ ದೊಡ್ಡದು.

ಈಗ ನಾನೇನು ಮಾಡಲಿ ಅಂತ ಅವಳು ಕೇಳಿಯೇ ಕೇಳುತ್ತಾಳೆ. ಬಿಡು ಅಂತಲೂ ಅನ್ನಬೇಡ, ಇರು ಅಂತಲೂ ಅನ್ನಬೇಡ. ಇವತ್ತೇ ಏನೂ ತೀರ್ಮಾನ ಮಾಡಬೇಕಿಲ್ಲ ಅನ್ನು. ವಿಷಯ ತಿಳಿಯಾಗುವ ತನಕ ಮಗುವಿನ ಪ್ರಯತ್ನ ನಿಲ್ಲಿಸಿರು ಅನ್ನು. ಡಾಕ್ಟರ ಹತ್ತಿರ ಒಬ್ಬಳೇ ಹೋಗಲು ಅವಳಿಗೆ ಮುಜುಗರ ಆಗುತ್ತದೆ, ಜೊತೆಗೆ ನೀನು ಹೋಗು.

ನಿನ್ನ ದೊಡ್ಡಮ್ಮ